ಕತೆ ಎಳೆಯುವ ಅಧ್ಯಾಯದಲ್ಲಿ ನಾನು ತೆಗೆದದ್ದು ವರ್ಣನೆಯನ್ನಲ್ಲ

ಕಾದಂಬರಿಯ ಅಧ್ಯಾಯ ಎಳೆಯುತ್ತಿದೆ ಅಂತ ಯಾರಾದರೂ ಹೇಳಿದರೆ ನಮ್ಮ ಕೈ ಮೊದಲು ಹೋಗುವುದು ವರ್ಣನೆಯ ಮೇಲೆ. ಮಳೆ, ಮರ, ಮನೆ, ರಸ್ತೆ ಇದ್ದ ಸಾಲುಗಳನ್ನೆಲ್ಲ ಅಳಿಸಿಬಿಡುತ್ತೇವೆ. ಸಂಭಾಷಣೆಯನ್ನು ಮುಟ್ಟುವುದಿಲ್ಲ, ಯಾಕೆಂದರೆ ಅದು ಓದಲು ಸರಾಗವಾಗಿರುತ್ತದೆ, ಪುಟವೂ ಬೇಗ ತಿರುಗುತ್ತದೆ. ನನ್ನ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಎಳೆಯುತ್ತಿದ್ದದ್ದು ಆ ಸರಾಗವಾದ ಸಂಭಾಷಣೆಯೇ.

ಅಧ್ಯಾಯದ ಕತೆ ಇಷ್ಟು. ನೇತ್ರಾವತಿ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ (ಇದು ನಾನು ಕಲ್ಪಿಸಿಕೊಂಡದ್ದು) ಜೀವಮಾನವಿಡೀ ದುಡಿದು ಈಗ ಹಾಸಿಗೆ ಹಿಡಿದಿರುವ ಕೆಲಸಗಾರನ ಮಗಳು ಲೀಲಾ. ಅಪ್ಪನ ಗ್ರಾಚ್ಯುಟಿ ಕೇಳಲಿಕ್ಕೆ ಅವಳು ಉಡುಪಿಯಿಂದ ಮಂಗಳೂರಿಗೆ ಬರುತ್ತಾಳೆ. ಬಸ್ ಪ್ರಯಾಣ, ಕಾರ್ಖಾನೆಯ ಇತಿಹಾಸ, ಆರಿಹೋದ ಭಟ್ಟಿಯ ಅಂಗಳ, ಆಫೀಸಿನಲ್ಲಿ ಲೆಕ್ಕ ಬರೆಯುವ ಹಳೆಯ ರೈಟರ ಜೊತೆ ಮಾತು, ಮ್ಯಾನೇಜರ ನಿರಾಕರಣೆ, ರಾತ್ರಿ ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳುವುದು. ಒಟ್ಟು 4,200 ಪದ. ಅದರಲ್ಲಿ ರೈಟರ ಮಾತು ಮತ್ತು ಅಮ್ಮನ ಜೊತೆಗಿನ ಮಾತು ಸೇರಿದರೇ ಅರ್ಧ.

ಹಸ್ತಪ್ರತಿ ಓದಿದ ಗೆಳತಿಯೊಬ್ಬಳು ಮ್ಯಾನೇಜರ ಕೋಣೆಯ ಪುಟದ ಅಂಚಿನಲ್ಲಿ ‘ಇಲ್ಲಿ ಬೇಸರ ಬಂತು’ ಅಂತ ಬರೆದಿದ್ದಳು. ಆ ಪುಟದಲ್ಲಿ ತೆಗೆಯುವಂಥದ್ದು ಏನೂ ಇರಲಿಲ್ಲ. ಅಧ್ಯಾಯದ ಮುಖ್ಯ ಘಟನೆಯೇ ಅದು. ಓದುಗ ಬೇಸರವನ್ನು ಹೇಳುವ ಜಾಗ ಮತ್ತು ಬೇಸರ ಹುಟ್ಟಿದ ಜಾಗ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಹುಟ್ಟಿದ್ದು ಎರಡು ಮೂರು ಪುಟ ಹಿಂದೆ ಇರುತ್ತದೆ. ಹಾಗಾಗಿ ನಾನು ಅವಳ ಗುರುತಿನಿಂದ ಹಿಂದಕ್ಕೆ ಓದುತ್ತಾ ಹೋದೆ. ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಸಂಗತಿ ಬರೆದೆ: ಈ ಪ್ಯಾರಾ ಮುಗಿದಾಗ ‘ಲೀಲಾಗೆ ದುಡ್ಡು ಸಿಗುತ್ತದಾ’ ಎಂಬ ಪ್ರಶ್ನೆಗೆ ಓದುಗನ ಊಹೆ ಬದಲಾಗಿದೆಯೋ, ಇಲ್ಲವೋ. ಬದಲಾಗಿದ್ದರೆ ಒಂದು ಗೆರೆ, ಇಲ್ಲದಿದ್ದರೆ ಸೊನ್ನೆ.

ಭಟ್ಟಿಯ ಅಂಗಳದ ಎದುರು ಗೆರೆ ಬಿತ್ತು. ಅದು ಪೂರ್ತಿ ವರ್ಣನೆ. ಒಂದೇ ಒಂದು ಮಾತಿಲ್ಲ, ಸುಮಾರು 350 ಪದ. ಸುಟ್ಟು ಮುಗಿದ ಮೇಲೂ ಭಟ್ಟಿ ತಣಿಯಲು ದಿನಗಳೇ ಬೇಕು, ಹೆಂಚಿನವರ ಮನೆಯ ಮಕ್ಕಳಿಗೆ ಇದು ಗೊತ್ತು. ಲೀಲಾ ನಡೆಯುತ್ತಾ ಗೋಡೆಗೆ ಅಂಗೈ ಇಡುತ್ತಾಳೆ. ಇಟ್ಟಿಗೆ ತಣ್ಣಗಿದೆ, ಸಂದಿಯಲ್ಲಿ ಹಾವಸೆ ಹಿಡಿದಿದೆ. ಒಳಗೆ ಒಣಗಿಸುವ ಹಲಗೆಗಳು ಖಾಲಿ. ಕಾರ್ಖಾನೆಯಲ್ಲಿ ಬೆಂಕಿ ಹಾಕಿ ಬಹಳ ಕಾಲವಾಗಿದೆ ಅಂತ ಯಾರೂ ಹೇಳುವ ಮೊದಲೇ ಅವಳಿಗೂ ಓದುಗನಿಗೂ ತಿಳಿಯುತ್ತದೆ. ದುಡ್ಡು ಸಿಗಲಿಕ್ಕಿಲ್ಲ ಎಂಬ ಸಂಶಯ ಇಲ್ಲಿಯೇ ಹುಟ್ಟುತ್ತದೆ. ನಿಧಾನವಾಗಿ ಕಾಣುವ ಈ ಭಾಗವೇ ಅಧ್ಯಾಯವನ್ನು ಮುಂದೆ ತಳ್ಳುತ್ತಿತ್ತು. ಇದರಲ್ಲಿ ಒಂದು ಪದವನ್ನೂ ನಾನು ತೆಗೆಯಲಿಲ್ಲ.

ಅದರ ನಂತರ ರೈಟರು ಬರುತ್ತಾರೆ. ಅಲ್ಲಿ ಸಾಲಾಗಿ ಸೊನ್ನೆಗಳು.

‘ಅಪ್ಪ ಹೇಗಿದ್ದಾರೆ ಮಗಾ?’
‘ಹಾಗೇ ಇದ್ದಾರೆ.’
‘ಕೆಮ್ಮು ಕಡಿಮೆಯಾಯ್ತಾ?’
‘ಇಲ್ಲ. ಮಳೆಗಾಲದಲ್ಲಿ ಜಾಸ್ತಿ.’
‘ಎಂತ ಮಾಡುವುದು. ದುಡ್ಡಿನ ವಿಷಯಕ್ಕೆ ಬಂದದ್ದಲ್ವಾ?’
‘ಹೌದು.’

ಇದರಲ್ಲಿ ಸುಳ್ಳೇನಿಲ್ಲ. ನಮ್ಮ ಕಡೆ ಜನ ಮಾತಾಡುವುದು ಹೀಗೆಯೇ. ಆದರೆ ಪ್ರತಿ ಪ್ರಶ್ನೆಗೂ ನೇರವಾದ ಉತ್ತರ ಸಿಗುತ್ತಿದೆ, ಆ ಉತ್ತರಗಳೆಲ್ಲ ಓದುಗನಿಗೆ ಆಗಲೇ ಗೊತ್ತು. ಕೆಮ್ಮಿನ ವಿಷಯ ಎರಡನೆಯ ಅಧ್ಯಾಯದಲ್ಲಿಯೇ ಬಂದಿದೆ. ದುಡ್ಡಿಗೆ ಬಂದದ್ದು ಅಂತಲೂ ಗೊತ್ತು. ಇಂಥ ಮಾತು 1,100 ಪದ ಹರಿಯುವಷ್ಟರಲ್ಲಿ ಭಟ್ಟಿಯ ಗೋಡೆ ಹುಟ್ಟಿಸಿದ ಸಂಶಯ ಕರಗಿಹೋಗುತ್ತದೆ. ಆಮೇಲೆ ಮ್ಯಾನೇಜರು ‘ಇಲ್ಲ’ ಅಂದರೂ ತಾಗುವುದಿಲ್ಲ. ಗೆಳತಿಗೆ ಬೇಸರ ಬಂದದ್ದು ಆ ಹೊತ್ತಿಗೆ.

ನಾನು ಮಾತುಗಳನ್ನು ಚಿಕ್ಕದು ಮಾಡಲು ಹೋಗಲಿಲ್ಲ. ಚಿಕ್ಕದಾದರೂ ಅವು ಸೊನ್ನೆಗಳೇ ಆಗಿರುತ್ತಿದ್ದವು. ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡದ ಹಾಗೆ ಬದಲಾಯಿಸಿದೆ.

‘ಅಪ್ಪನ ಕೆಮ್ಮು ಹೇಗುಂಟು ಮಗಾ?’
‘ಭಟ್ಟಿ ಯಾವಾಗ ನಿಂತದ್ದು, ರೈಟ್ರೇ?’

ರೈಟರು ಲೆಕ್ಕದ ಪುಸ್ತಕ ಮುಚ್ಚಿ ಅದಕ್ಕೆ ದಾರ ಸುತ್ತುತ್ತಾರೆ. ‘ದಣಿಗಳು ಒಳಗಿದ್ದಾರೆ’ ಅನ್ನುತ್ತಾರೆ. ಉತ್ತರ ತಪ್ಪಿಸಿದ್ದೇ ಓದುಗನಿಗೆ ಉತ್ತರ. ಇಡೀ ಭಾಗ 450 ಪದಕ್ಕೆ ಇಳಿಯಿತು.

ಅಮ್ಮನ ಜೊತೆಗಿನ ಮಾತು ಇನ್ನೊಂದು ಬಗೆಯದು. ಓದುಗ ಕಣ್ಣಾರೆ ಕಂಡದ್ದನ್ನು ಲೀಲಾ ಅಮ್ಮನಿಗೆ ಮತ್ತೊಮ್ಮೆ ಹೇಳುವುದು. ಬರೆಯುವಾಗ ಇದು ಬೇಕು ಅನಿಸುತ್ತದೆ, ಅಮ್ಮನಿಗೆ ಗೊತ್ತಾಗಬೇಕಲ್ಲ ಅಂತ. ಗೊತ್ತಾಗಲಿ, ಆದರೆ ಅದು ಪುಟದ ಮೇಲೆ ನಡೆಯಬೇಕಾಗಿಲ್ಲ. ಆ ದೃಶ್ಯದಲ್ಲಿ ಹೊಸದಾಗಿ ಇದ್ದದ್ದು ಅಮ್ಮನ ಒಂದೇ ಮಾತು: ‘ಅವರಿಗೆ ಗೊತ್ತಿತ್ತು.’ ಅಂದರೆ ಕಾರ್ಖಾನೆ ನಿಂತದ್ದು ಅಪ್ಪನಿಗೆ ಮೊದಲೇ ಗೊತ್ತಿತ್ತು, ಆದರೂ ಮಗಳನ್ನು ಕಳಿಸಿದ್ದರು. ಸಾವಿರ ಪದಗಳ ಅಡಿಯಲ್ಲಿ ಈ ಮಾತು ಹೂತುಹೋಗಿತ್ತು. ಲೀಲಾ ಚಪ್ಪಲಿ ಬಿಡುವುದು, ಅಮ್ಮ ಅವಳ ಮುಖ ನೋಡುವುದು, ಈ ಮಾತು. ಇಷ್ಟನ್ನೇ ಉಳಿಸಿದೆ.

ಇತಿಹಾಸದ ಭಾಗವನ್ನು ಬಿಡಲು ನನಗೆ ನಿಜವಾಗಿಯೂ ಸಂಕಟವಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಮಿಷನರಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳೆಲ್ಲ ಕೆಂಪಾಗುತ್ತಾ ಹೋದದ್ದು, ಇವೆಲ್ಲ ನನಗೆ ಪ್ರೀತಿಯ ವಿಷಯ. ಆದರೆ ಆಫೀಸಿನ ಬಾಗಿಲಲ್ಲಿ ನಿಂತ ಲೀಲಾ ಅದನ್ನು ಯೋಚಿಸುತ್ತಿಲ್ಲ, ಹೇಳುತ್ತಿದ್ದದ್ದು ನಾನು. ಅದನ್ನು ತೆಗೆದು ಬೇರೆ ಫೈಲಿನಲ್ಲಿಟ್ಟೆ. ಮುಂದೆ ಮನೆ ರಿಪೇರಿಯ ಅಧ್ಯಾಯದಲ್ಲಿ ಅಪ್ಪ ಹಳೆಯ ಹೆಂಚೊಂದನ್ನು ಮಗುಚಿ, ಹಿಂಬದಿಯ ಅಚ್ಚಿನ ಅಕ್ಷರ ಬೆರಳಿನಲ್ಲಿ ಸವರುವಾಗ ಅದರ ಎರಡು ವಾಕ್ಯಗಳಿಗೆ ಜಾಗ ಸಿಕ್ಕಿತು. ಉಳಿದದ್ದು ಆ ಫೈಲಿನಲ್ಲಿಯೇ ಇದೆ.

ಬಸ್ ಪ್ರಯಾಣ ಪೂರ್ತಿ ಹೋಯಿತು, ಅಧ್ಯಾಯ ಈಗ ಕಾರ್ಖಾನೆಯ ಗೇಟಿನಲ್ಲಿಯೇ ಶುರುವಾಗುತ್ತದೆ. ಹೀಗೆ ಉದ್ದಕ್ಕೆ ಕತ್ತರಿಸುವಾಗ ಒಂದು ಅಪಾಯ ಉಂಟು. ಬೇಡದ ಪ್ಯಾರಾದ ಒಳಗೆ ಬೇಕಾದ ಒಂದು ಸಂಗತಿ ಅಡಗಿರುತ್ತದೆ. ಅಪ್ಪ ಕೊಟ್ಟ ಪತ್ರ ಚೀಲದಲ್ಲಿರುವುದನ್ನು ಲೀಲಾ ಮುಟ್ಟಿ ನೋಡಿಕೊಳ್ಳುವುದು ಬಸ್ಸಿನಲ್ಲಿ. ಹನ್ನೊಂದನೆಯ ಅಧ್ಯಾಯ ನಿಂತಿರುವುದೇ ಆ ಪತ್ರದ ಮೇಲೆ. ಆದ್ದರಿಂದ ತೆಗೆಯುವ ಮೊದಲು ಆ ಭಾಗದಲ್ಲಿ ಬರುವ ವಸ್ತುಗಳು, ಹೆಸರುಗಳು, ಮಾತು ಕೊಟ್ಟ ಸಂಗತಿಗಳನ್ನು ಪಟ್ಟಿ ಮಾಡಿ, ಮುಂದಿನ ಅಧ್ಯಾಯಗಳಲ್ಲಿ ಒಂದೊಂದನ್ನೂ ಹುಡುಕುತ್ತೇನೆ. ಸಿಕ್ಕಿದ್ದನ್ನು ಉಳಿದ ಭಾಗಕ್ಕೆ ಸೇರಿಸುತ್ತೇನೆ. ಪತ್ರ ಈಗ ಆಫೀಸಿನ ಬೆಂಚಿಗೆ ಬಂದಿದೆ.

ಇಷ್ಟೆಲ್ಲ ಆದ ಮೇಲೆ ಅಧ್ಯಾಯ 1,700 ಪದದ ಹತ್ತಿರ ನಿಂತಿತು. ಗಟ್ಟಿಯಾಗಿ ಓದಿದಾಗ ಇನ್ನೊಂದು ತೊಂದರೆ ಕೇಳಿಸಿತು: ರೈಟರ ಮಾತು ಮುಗಿದ ಕೂಡಲೇ ಮ್ಯಾನೇಜರ ‘ಇಲ್ಲ’ ಬರುತ್ತಿತ್ತು. ಸರ್ಕಾರಿ ಕಚೇರಿ ಇರಲಿ, ಕಾರ್ಖಾನೆ ಇರಲಿ, ದುಡ್ಡು ಕೇಳಲು ಹೋದವರನ್ನು ಕಾಯಿಸದೆ ಯಾರೂ ಒಳಗೆ ಕರೆಯುವುದಿಲ್ಲ. ಆ ಕಾಯುವಿಕೆ ಓದುಗನ ಮೈಗೂ ತಾಗಬೇಕಿತ್ತು. ಅದಕ್ಕೆ ಬೆಂಚಿನ ಮೇಲಿನ ಒಂದು ಪ್ಯಾರಾ ಹೊಸದಾಗಿ ಬರೆದೆ, ಸುಮಾರು ನೂರು ಪದ. ಅವಳು ಪತ್ರವನ್ನು ತೆಗೆಯುತ್ತಾಳೆ, ಒಡೆಯದೆ ಮತ್ತೆ ಒಳಗಿಡುತ್ತಾಳೆ. ಒಳಗಿನಿಂದ ನಗು ಕೇಳಿಸುತ್ತದೆ.

ಎಂಟನೆಯ ಅಧ್ಯಾಯದ ಮೊದಲ ಪುಟವನ್ನೂ ತಿದ್ದಬೇಕಾಯಿತು. ಅದು ‘ರಾತ್ರಿ ಅಷ್ಟು ಮಾತಾಡಿದ ಮೇಲೆ’ ಅಂತ ಶುರುವಾಗುತ್ತಿತ್ತು. ಈಗ ಅಮ್ಮನ ಆ ಒಂದು ಮಾತು ಬಿಟ್ಟರೆ ರಾತ್ರಿ ಇಬ್ಬರೂ ಮಾತಾಡಿಯೇ ಇಲ್ಲ. ಹಾಗಾಗಿ ಬೆಳಿಗ್ಗೆ ಲೀಲಾ ನೇರ ಅಪ್ಪನ ಹಾಸಿಗೆಯ ಹತ್ತಿರ ಹೋಗಿ ‘ನಿಮಗೆ ಗೊತ್ತಿತ್ತಾ?’ ಅಂತ ಕೇಳುತ್ತಾಳೆ.