ಮೈನಸ್ ಮೂರು ಗಂಟೆಯ ಪಂಪು

ಹತ್ತನೇ ತರಗತಿಗೆ ವರ್ಗ ಸಮೀಕರಣ ಪಾಠ ಮಾಡುವಾಗ ನಾನು ಈ ಲೆಕ್ಕ ಕೊಡುತ್ತೇನೆ: ಎರಡು ಪಂಪು ಒಟ್ಟಿಗೆ ಓಡಿದರೆ ತೊಟ್ಟಿ 6 ಗಂಟೆಯಲ್ಲಿ ತುಂಬುತ್ತದೆ. ಚಿಕ್ಕದೊಂದೇ ತುಂಬಿಸಬೇಕಾದರೆ ದೊಡ್ಡದಕ್ಕಿಂತ 5 ಗಂಟೆ ಹೆಚ್ಚು ಬೇಕು. ಒಂದೊಂದಕ್ಕೂ ಎಷ್ಟು ಹೊತ್ತು?

ಅರ್ಧ ತರಗತಿ x + (x + 5) = 6 ಎಂದು ಬರೆದು, ದೊಡ್ಡ ಪಂಪಿಗೆ ಅರ್ಧ ಗಂಟೆ ಎನ್ನುತ್ತದೆ. ನಾನು ತಿದ್ದುವುದಿಲ್ಲ. "ಒಂದೇ ಅರ್ಧ ಗಂಟೆಯಲ್ಲಿ ತುಂಬಿಸುವುದಾದರೆ, ಇನ್ನೊಂದು ಸೇರಿದ ಮೇಲೆ 6 ಗಂಟೆ ಯಾಕಪ್ಪಾ?" ಎಂದು ಕೇಳುತ್ತೇನೆ. ಗಂಟೆಗಳನ್ನು ಕೂಡಬಾರದು, ಒಂದು ಗಂಟೆಯಲ್ಲಿ ಆದ ಕೆಲಸವನ್ನು ಕೂಡಬೇಕು ಎಂಬುದು ಆಗ ಅವರಿಗೇ ಹೊಳೆಯುತ್ತದೆ. ದೊಡ್ಡದು x ಗಂಟೆ ತೆಗೆದುಕೊಂಡರೆ ಗಂಟೆಗೆ ತೊಟ್ಟಿಯ 1/x ಭಾಗ ತುಂಬುತ್ತದೆ.

1/x + 1/(x + 5) = 1/6

(ಎರಡೂ ಪಂಪಿಗೆ ಬೇರೆ ಬೇರೆ ಪೈಪು ಇದ್ದರೆ ಮಾತ್ರ ಹೀಗೆ ಕೂಡಬಹುದು. ಒಂದೇ ಸಣ್ಣ ಪೈಪಿಗೆ ಎರಡನ್ನೂ ಜೋಡಿಸಿದರೆ ಒತ್ತಡ ಹೆಚ್ಚಿ, ಬರುವ ನೀರು ಮೊತ್ತಕ್ಕಿಂತ ಕಡಿಮೆಯಾಗುತ್ತದೆ.)

ಎರಡೂ ಬದಿಯನ್ನು 6x(x + 5)ರಿಂದ ಗುಣಿಸಿದರೆ ಛೇದಗಳು ಹೋಗುತ್ತವೆ:

6(x + 5) + 6x = x(x + 5)
x² − 7x − 30 = 0
(x − 10)(x + 3) = 0

ದೊಡ್ಡದಕ್ಕೆ 10 ಗಂಟೆ, ಚಿಕ್ಕದಕ್ಕೆ 15. ತಾಳೆ ನೋಡಲು 30,000 ಲೀಟರಿನ ತೊಟ್ಟಿ ಅಂದುಕೊಳ್ಳಿ ಎನ್ನುತ್ತೇನೆ. ಗಂಟೆಗೆ 3,000 ಮತ್ತು 2,000, ಸೇರಿ 5,000 ಲೀಟರ್. 6 ಗಂಟೆಗೆ ತೊಟ್ಟಿ ತುಂಬಿತು.

ಇನ್ನೊಂದು ಮೂಲ −3. ಸಮಯ ಋಣವಾಗದು ಎಂದು ಹೇಳಿ ವರ್ಷಗಟ್ಟಲೆ ಅದನ್ನು ಹೊಡೆದುಹಾಕುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತಳು: "ಸರ್, ತಪ್ಪು ಉತ್ತರ ಆದ್ರೆ ಸಮೀಕರಣಕ್ಕೆ ಹೇಗೆ ಸರಿಹೊಂದುತ್ತೆ?" ನನಗೆ ತಕ್ಷಣ ಉತ್ತರ ತೋಚಲಿಲ್ಲ. ಇಬ್ಬರೂ ಬೋರ್ಡಿನ ಹತ್ತಿರ ನಿಂತು x = −3 ಹಾಕಿ ನೋಡಿದೆವು. x + 5 ಎಂದರೆ 2.

−1/3 + 1/2 = 1/6

ಅವಳೇ ಮೊದಲು ಕಂಡುಕೊಂಡಳು: "ಸರ್, ಇದು ನೀರು ಹೊರಗೆ ಹಾಕ್ತಿದೆ!" ಹೌದು. ಒಂದು ಪಂಪು ಗಂಟೆಗೆ 15,000 ಲೀಟರ್ ತುಂಬುತ್ತದೆ, ಇನ್ನೊಂದು 10,000 ಲೀಟರ್ ಹೊರಗೆಳೆಯುತ್ತದೆ. ಉಳಿಯುವುದು ಅದೇ 5,000, ತೊಟ್ಟಿ ತುಂಬುವುದು ಅದೇ 6 ಗಂಟೆಗೆ. ಸಮೀಕರಣಕ್ಕೆ ಗೊತ್ತಿರುವುದು 1/6 ಮಾತ್ರ. ಎರಡೂ ಪಂಪು ತುಂಬಿಸುತ್ತಿವೆ ಎಂಬುದನ್ನು ನಾವು ಅದಕ್ಕೆ ಹೇಳಿಯೇ ಇರಲಿಲ್ಲ.

ಅಂದಿನಿಂದ ಪ್ರಶ್ನೆ ಬರೆಸಿದ ಕೂಡಲೇ, ಬಿಡಿಸುವ ಮೊದಲೇ, ಪಕ್ಕದಲ್ಲಿ x > 0 ಎಂದು ಬರೆಸುತ್ತೇನೆ. −3 ಬಂದಾಗ ಅದನ್ನು ಹೊಡೆದುಹಾಕುವ ಮುನ್ನ ಅದು ಯಾವ ತೊಟ್ಟಿಯ ಉತ್ತರ ಎಂದು ಕೇಳುತ್ತೇನೆ.