ಕುರ್ತಿ ಒಂದು ಫೋಟೋದ್ದು, ಪ್ಯಾಂಟ್ ಇನ್ನೊಂದರದ್ದು

ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ನಾನು ಕ್ಯಾಟಲಾಗ್ ಫೋಟೋ ತಿದ್ದಿಕೊಡುತ್ತೇನೆ. ಇಟ್ಟಿಗೆ ಬಣ್ಣದ ಗಿಡ್ಡ ಕುರ್ತಿಯನ್ನು ಒಬ್ಬ ಹುಡುಗಿ ಲೆಗ್ಗಿಂಗ್ಸ್ ಮೇಲೆ ಹಾಕಿದ್ದಳು. ಬೂದು ಬಣ್ಣದ ಅಗಲವಾದ ಪ್ಯಾಂಟ್ ಬೇರೊಬ್ಬಳ ಮೈಮೇಲಿತ್ತು. ಅಂಗಡಿಯವರಿಗೆ ಇವೆರಡನ್ನೂ ಸೆಟ್ ಮಾಡಿ ಮಾರಬೇಕಿತ್ತು. "ಮೇಡಂ, ಮತ್ತೆ ಶೂಟ್ ಮಾಡೋಕೆ ಟೈಮಿಲ್ಲ, ಇದರಲ್ಲೇ ಮಾಡ್ಕೊಡಿ" ಅಂದರು. ಇಬ್ಬರು ಹುಡುಗಿಯರೂ ಒಪ್ಪಿದ ಮೇಲೆ ಕೆಲಸ ಶುರು ಮಾಡಿದೆ.

ಇಂಥ ಕೆಲಸದಲ್ಲಿ ಕತ್ತರಿಸುವುದಕ್ಕಿಂತ ಮೊದಲು ನೋಡುವುದು ಜಾಸ್ತಿ ಇರುತ್ತದೆ. ಕುರ್ತಿ ಫೋಟೋದಲ್ಲಿ ಬೆಳಕು ಎಡದಿಂದ, ಪ್ಯಾಂಟಿನದರಲ್ಲಿ ಬಲದಿಂದ. ಪ್ಯಾಂಟನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ತಿರುಗಿಸಿದರೆ ಬೆಳಕು ಸರಿಹೋಗುತ್ತದೆ. ಆದರೆ ತಿರುಗಿಸಿದಾಗ ಭಾರ ಬಿಟ್ಟು ನಿಂತ ಕಾಲೂ ಬದಲಾಗುತ್ತದೆ, ಅಲ್ವಾ? ಒಂದು ಕಾಲ ಮೇಲೆ ಭಾರ ಬಿಟ್ಟು ಸಡಿಲವಾಗಿ ನಿಂತಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಇಳಿಯುತ್ತದೆ. ಕುರ್ತಿಯಲ್ಲಿ ಚಿತ್ರದ ಬಲಭುಜ ಇಳಿದಿತ್ತು. ಪ್ಯಾಂಟನ್ನು ತಿರುಗಿಸಿದ ಮೇಲೆ ಭಾರವೂ ಬಲಗಾಲಿಗೇ ಬಂತು. ಬರದಿದ್ದರೆ ಬೇರೆ ಪ್ಯಾಂಟ್ ಫೋಟೋ ಕೇಳುತ್ತಿದ್ದೆ. ಇದನ್ನು ಆಮೇಲೆ ಎಳೆದಾಡಿ ಸರಿಮಾಡಲು ಆಗುವುದಿಲ್ಲ. ತಿರುಗಿಸಿದ ಪ್ಯಾಂಟಿನಲ್ಲಿ ಜಿಪ್ಪಿನ ಪಟ್ಟಿ ಉಲ್ಟಾ ಆಗುತ್ತದೆ. ಇಲ್ಲಿ ಅದು ಕುರ್ತಿ ಕೆಳಗೆ ಮುಚ್ಚಿಹೋಗಿತ್ತು.

ಅಳತೆಗೆ ಲೆಗ್ಗಿಂಗ್ಸ್ ಹಾಕಿದ ಕಾಲುಗಳನ್ನೇ ಹಿಡಿದೆ. ಪ್ಯಾಂಟಿನ ಲೇಯರನ್ನು ಅರ್ಧ ಪಾರದರ್ಶಕ ಮಾಡಿ, ಮಂಡಿಗೆ ಮಂಡಿ, ಹಿಮ್ಮಡಿಗೆ ಹಿಮ್ಮಡಿ ಕೂರಿಸಿದೆ. ಪಾದಗಳನ್ನು ಕುರ್ತಿ ಹಾಕಿದವಳದ್ದೇ ಉಳಿಸಿಕೊಂಡೆ, ಹಾಗಾಗಿ ಕೈಯ ಬಣ್ಣಕ್ಕೂ ಕಾಲಿನ ಬಣ್ಣಕ್ಕೂ ವ್ಯತ್ಯಾಸ ಬರಲಿಲ್ಲ. ಪ್ಯಾಂಟ್ ಫೋಟೋವನ್ನು ಸ್ವಲ್ಪ ಕೆಳಗಿನಿಂದ ತೆಗೆದಿದ್ದರು, ಕಾಲಂಚು ನೇರವಾಗಿ ಕಾಣುತ್ತಿತ್ತು. ಕುರ್ತಿ ಫೋಟೋದ ಕ್ಯಾಮೆರಾ ಸೊಂಟದ ಎತ್ತರದಲ್ಲಿತ್ತು. ಆ ಎತ್ತರದಿಂದ ನೋಡಿದರೆ ಕಾಲಂಚಿನ ಮುಂಭಾಗ ಇನ್ನಷ್ಟು ಕೆಳಕ್ಕೆ ಬಾಗಿರಬೇಕು. Warp ಬಳಸಿ ಅಷ್ಟು ಬಗ್ಗಿಸಿದೆ. ಕ್ಯಾಮೆರಾ ಎತ್ತರದಲ್ಲಿ ವ್ಯತ್ಯಾಸ ತುಂಬಾ ಇದ್ದರೆ ಈ ಉಪಾಯ ನಡೆಯುವುದಿಲ್ಲ.

ನೋಡುವವರ ಕಣ್ಣಿಗೆ ಮೋಸ ಗೊತ್ತಾಗುವುದು ಕುರ್ತಿಯ ಕೆಳ ಅಂಚಿನಲ್ಲಿ. ಕುರ್ತಿಯನ್ನು ಸುಮ್ನೆ ಪ್ಯಾಂಟಿನ ಮೇಲಿಟ್ಟರೆ ಅಂಟಿಸಿದ ಸ್ಟಿಕರ್ ಥರ ಕಾಣುತ್ತದೆ. ಈ ಕುರ್ತಿಗೆ ಎರಡೂ ಪಕ್ಕದಲ್ಲಿ ಸೀಳಿತ್ತು. ಸೀಳಿನಲ್ಲಿ ಹಿಂಭಾಗದ ಬಟ್ಟೆಯ ಒಳಮೈ ಒಂದಿಷ್ಟು ಕಾಣುತ್ತದೆ. ಅದಕ್ಕೇ ಕುರ್ತಿಯನ್ನು ಎರಡು ಲೇಯರ್ ಮಾಡಿಕೊಂಡೆ: ಹಿಂಭಾಗ ಕೆಳಗೆ, ನಡುವೆ ಪ್ಯಾಂಟ್, ಮುಂಭಾಗ ಮೇಲೆ. ಇಷ್ಟು ಮಾಡಿದ ಕೂಡಲೇ ಪ್ಯಾಂಟು ಬಟ್ಟೆಯೊಳಗೆ ಹೋದ ಹಾಗೆ ಕಂಡಿತು.

ಆಮೇಲೆ ನೆರಳು. ನಾನು ಯಾವಾಗಲೂ ಎರಡು ನೆರಳು ಬಿಡಿಸುತ್ತೇನೆ, ಎರಡೂ ಕೆಳಗಿನ ಬಣ್ಣವನ್ನು ಗಾಢ ಮಾಡುವ Multiply ಲೇಯರಿನಲ್ಲಿ, ಪ್ಯಾಂಟಿಗಷ್ಟೇ ತಾಗುವಂತೆ ಕ್ಲಿಪ್ ಮಾಡಿ. ಮೊದಲನೆಯದು ಅಂಚಿಗೆ ಅಂಟಿಕೊಂಡ ತೆಳು ಗೆರೆ. 4000 ಪಿಕ್ಸೆಲ್ ಎತ್ತರದ ಈ ಫೋಟೋಗೆ 2 ಪಿಕ್ಸೆಲ್ Gaussian Blur ಸಾಕಾಯಿತು. ಎರಡನೆಯದು ಅಗಲ, ಮೆತ್ತಗೆ, ಸುಮಾರು 20 ಪಿಕ್ಸೆಲ್ Blur. ಬೆಳಕು ಎಡದ ಮೇಲಿನಿಂದ ಬರುವುದರಿಂದ ಇದು ಕೆಳಕ್ಕೆ, ಬಲಕ್ಕೆ ಜರುಗಿರಬೇಕು. ಕಪ್ಪು ಬಣ್ಣ ಬಳಸುವುದಿಲ್ಲ. ಪ್ಯಾಂಟಿನ ಆಳವಾದ ಸುಕ್ಕಿನಿಂದ ಬಣ್ಣ ಎತ್ತಿಕೊಂಡು ಅದಕ್ಕೆ ಕುರ್ತಿಯ ಕೆಂಪು ಚೂರು ಸೇರಿಸುತ್ತೇನೆ. ನೆರಳಿನ ಅಗಲ ಉದ್ದಕ್ಕೂ ಒಂದೇ ಇದ್ದರೂ ಸುಳ್ಳು ಅನಿಸುತ್ತದೆ. ತೊಡೆಗೆ ಬಟ್ಟೆ ತಾಗುವಲ್ಲಿ ಕಿರಿದು, ಎರಡು ಕಾಲಿನ ನಡುವೆ ಬಟ್ಟೆ ಗಾಳಿಯಲ್ಲಿ ನಿಂತಲ್ಲಿ ಅಗಲ. ಪ್ಯಾಂಟಿನ ಸುಕ್ಕು ಏರಿಳಿದ ಕಡೆ ನೆರಳಿನ ಗೆರೆಯೂ ಅಂಕುಡೊಂಕಾಗಬೇಕು. ಅದನ್ನು ಕೈಯಲ್ಲೇ ಬಗ್ಗಿಸಬೇಕು.

ಇಳಿಬಿಟ್ಟ ಎಡಗೈ ಬೆರಳುಗಳು ತೊಡೆಯ ಮೇಲಿದ್ದವು. ಅವನ್ನು ಬೇರೆ ಮಾಸ್ಕ್ ಮಾಡಿ ಪ್ಯಾಂಟಿನ ಮೇಲೆ ತಂದು, ಕೆಳಗೆ ಪುಟ್ಟ ನೆರಳು ಕೊಟ್ಟೆ. ಲೆಗ್ಗಿಂಗ್ಸ್ ಕಾಲುಗಳಿಂದ ನೆಲದ ಮೇಲೆ ಬಿದ್ದಿದ್ದ ನೆರಳನ್ನೂ ಪ್ಯಾಂಟಿನ ಅಗಲಕ್ಕೆ ತಕ್ಕಂತೆ ಹಿಗ್ಗಿಸಿದೆ.

ಕೊನೆಗೆ ಎಲ್ಲದರ ಮೇಲೆ ತಾತ್ಕಾಲಿಕವಾಗಿ ಕಪ್ಪು-ಬಿಳುಪು ಲೇಯರ್ ಹಾಕಿ ನೋಡುತ್ತೇನೆ. ಬಣ್ಣ ಹೋದ ಮೇಲೆ ಬೆಳಕಿನ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ಯಾಂಟಿನ ಕಪ್ಪು ಭಾಗಗಳು ಕುರ್ತಿಯದಕ್ಕಿಂತ ಗಾಢವಾಗಿದ್ದವು. Curves ಎಳೆದು ಅವನ್ನು ಚೂರು ತಿಳಿ ಮಾಡಿದೆ. ಕುರ್ತಿ ಫೋಟೋದಲ್ಲಿ ಕಾಳುಕಾಳು ಜಾಸ್ತಿ, ಪ್ಯಾಂಟ್ ನುಣುಪು. Add Noise ಹಾಕಿ 100 ಪರ್ಸೆಂಟ್ ಜೂಮಿನಲ್ಲಿ ಎರಡನ್ನೂ ಹೊಂದಿಸಿದೆ.

ಕುರ್ತಿಯ ಉದ್ದವನ್ನು ಮಾತ್ರ ನಾನು ಎಳೆಯುವುದಿಲ್ಲ, ಪ್ಯಾಂಟನ್ನು ತೆಳ್ಳಗೆ ಮಾಡುವುದೂ ಇಲ್ಲ. ಬಟ್ಟೆ ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿಯೇ ಜನ ದುಡ್ಡು ಕೊಡುತ್ತಾರೆ. ಒಳಗೆ ಸಿಕ್ಕಿಸಿದ ಟಾಪ್ ಬೇಕು ಅಂತ ಕೇಳಿದರೆ ಒಪ್ಪುವುದಿಲ್ಲ. ಸೊಂಟಪಟ್ಟಿ ಬಿಗಿದಾಗ ಬಟ್ಟೆ ಉಬ್ಬಿ ಸಣ್ಣ ಸಣ್ಣ ನೆರಿಗೆ ಬೀಳುತ್ತದೆ. ಹೊರಗೆ ಬಿಟ್ಟ ಟಾಪಿನ ಫೋಟೋದಲ್ಲಿ ಆ ನೆರಿಗೆ ಇರುವುದೇ ಇಲ್ಲ. ಅದಕ್ಕೆ ಮತ್ತೆ ಶೂಟ್ ಮಾಡಲೇಬೇಕು ಅಂತ ಹೇಳಿಬಿಡುತ್ತೇನೆ.