ತೋಪಿನ ಮುಂದೆ ನಿಂತವರು ಓದುವಂಥ ಫಲಕ ಬರೆಯುವುದು ಹೇಗೆ?

ವಿಜಯಪುರದ ಶೆರ್ಜಾ ಬುರುಜಿನ ಮೆಟ್ಟಿಲು ಹತ್ತಿ ಮಲಿಕ್-ಎ-ಮೈದಾನ್ ತೋಪು ನೋಡಲು ಬರುವವರು ಒಂದೇ ಥರದವರಲ್ಲ. ಇಂಡಿ, ಸಿಂದಗಿ ಕಡೆಯಿಂದ ಪ್ರವಾಸ ಬಂದ ಶಾಲೆ ಮಕ್ಕಳು ಇರುತ್ತಾರೆ. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುವ ಅಜ್ಜಿ ಇರುತ್ತಾರೆ. ಸೊಲ್ಲಾಪುರದಿಂದ ಬಂದ, ಇಂಗ್ಲಿಷ್ ಅಷ್ಟಿಷ್ಟು ಬರುವ ಕುಟುಂಬ ಇರುತ್ತದೆ. ಇತಿಹಾಸ ಓದಿಕೊಂಡೇ ಬಂದ ವಿದೇಶಿಯರೂ ಇರುತ್ತಾರೆ. ಇವರೆಲ್ಲರಿಗೂ ಒಂದೇ ಫಲಕ, ಎರಡು ಭಾಷೆ. ಅದನ್ನು ಬರೆಯುವುದು ಹೇಗೆ ಎಂದು ಈ ತೋಪನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಸಂರಕ್ಷಿತ ಸ್ಮಾರಕದಲ್ಲಿ ಪುರಾತತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಯಾರೂ ಫಲಕ ನಿಲ್ಲಿಸುವಂತಿಲ್ಲ. ಆದರೆ ಊರಿನ ಸಣ್ಣ ಮ್ಯೂಸಿಯಂ ಆಗಲಿ, ಪಂಚಾಯಿತಿಯ ಫಲಕವಾಗಲಿ, ಕ್ರಮ ಇದೇ.

ಮೊದಲು ಪೆನ್ನು ಹಿಡಿಯಬೇಡಿ. ವಸ್ತುವಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಜನ ಏನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ತೋಪಿನ ಮುಂದೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ: ‘ಎಷ್ಟ್ ತೂಕ ಐತ್ರಿ ಇದು?’, ‘ಇಷ್ಟ್ ಮ್ಯಾಲ ಹ್ಯಾಂಗ ತಂದ್ರು?’, ‘ಬಾಯಾಗ ಏನೈತಿ ಅದು?’ ರಾಜವಂಶದ ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಫಲಕ ಶುರುವಾಗಬೇಕಾದ್ದು ಈ ಪ್ರಶ್ನೆಗಳಿಂದ.

ಆಮೇಲೆ ಗೊತ್ತಿರುವ ಸಂಗತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದರು. ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ಬಾಯಿಯ ಕಡೆ ಸಿಂಹದ ತಲೆ, ಅದರ ಹಲ್ಲಿಗೆ ಸಿಕ್ಕ ಆನೆ. 1686ರಲ್ಲಿ ವಿಜಯಪುರ ಗೆದ್ದ ಔರಂಗಜೇಬ ತನ್ನ ಗೆಲುವನ್ನೂ ಇದರ ಮೇಲೆ ಕೆತ್ತಿಸಿದ. ಜೊತೆಗೆ ಒಂದು ಕಥೆಯೂ ಇದೆ: ಬತ್ತಿ ಹೊತ್ತಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ತೊಟ್ಟಿಯ ನೀರಿಗೆ ಮುಳುಗುತ್ತಿದ್ದನಂತೆ. ಇಷ್ಟರಲ್ಲಿ ಕಣ್ಣಿಗೆ ಕಾಣುವುದು ಯಾವುದು, ದಾಖಲೆಯಲ್ಲಿರುವುದು ಯಾವುದು, ಜನ ಹೇಳುವ ಕಥೆ ಯಾವುದು ಅಂತ ಮೂರು ಪಾಲು ಮಾಡಿ. ಕಾಣುವುದು ಫಲಕದ ಮೊದಲಿಗೆ ಬರಲಿ. ದಾಖಲೆ ಅದರ ನಂತರ. ಕಥೆಗೆ ಜಾಗ ಇದ್ದರೆ ‘ಎಂದು ಹೇಳುತ್ತಾರೆ’ ಅಂತ ಸೇರಿಸಿಯೇ ಬರೆಯಬೇಕು, ಎರಡೂ ಭಾಷೆಗಳಲ್ಲಿ. ಕನ್ನಡದಲ್ಲಿ ‘ಅಂತೆ’ ಇದ್ದು ಇಂಗ್ಲಿಷಿನಲ್ಲಿ ಅದು ಬಿಟ್ಟುಹೋದರೆ, ವಿದೇಶಿಯ ಪಾಲಿಗೆ ಆ ಕಥೆ ಇತಿಹಾಸವೇ ಆಗಿಬಿಡುತ್ತದೆ.

ಈಗ ಬರೆಯುವ ಕೆಲಸ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಧಾಟಿ ಹೀಗಿರುತ್ತದೆ: ‘ಆದಿಲ್‌ಶಾಹಿ ಅರಸರ ಆಳ್ವಿಕೆಯ ಕಾಲಾವಧಿಯಲ್ಲಿ ವಿಜಯಪುರಕ್ಕೆ ತರಲ್ಪಟ್ಟ ಹಾಗೂ ಕಂಚಿನಿಂದ ನಿರ್ಮಿಸಲ್ಪಟ್ಟಿರುವ ಈ ಬೃಹದಾಕಾರದ ಫಿರಂಗಿಯು ತನ್ನ ವಿಶಿಷ್ಟ ಕಲಾತ್ಮಕತೆಯಿಂದ ವಿಶ್ವವಿಖ್ಯಾತವಾಗಿದೆ.’ ಅಜ್ಜಿ ‘ಕಾಲಾವಧಿಯಲ್ಲಿ’ಗೆ ಬರುವಷ್ಟರಲ್ಲಿ ಮೊಮ್ಮಕ್ಕಳು ಮುಂದೆ ಹೋಗಿರುತ್ತಾರೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆ ನಮ್ಮದು. ವಾಕ್ಯ ಉದ್ದವಾದಷ್ಟೂ ಓದುವವರು ಎಲ್ಲವನ್ನೂ ನೆನಪಿನಲ್ಲಿ ಹಿಡಿದುಕೊಂಡೇ ಸಾಗಬೇಕು. ಅದಕ್ಕೇ ಒಂದು ವಾಕ್ಯಕ್ಕೆ ಒಂದೇ ಸಂಗತಿ ಸಾಕು. ‘ಲ್ಪಟ್ಟ’ ಕಂಡಲ್ಲೆಲ್ಲ ಅಳಿಸಿ, ಯಾರು ಮಾಡಿದರು ಅಂತ ನೇರವಾಗಿ ಹೇಳಿ. ‘ವಿಶ್ವವಿಖ್ಯಾತ’ದಂಥ ಮಾತು ಸುಮ್ನೆ ಜಾಗ ತಿನ್ನುತ್ತದೆ. ತೋಪು ಕಣ್ಣ ಮುಂದೆಯೇ ಇದೆ ಅಲ್ವಾ? ಹೊಗಳಿಕೆ ನೋಡುವವರಿಗೇ ಇರಲಿ.

ತಿದ್ದಿದ ಮೇಲೆ ಫಲಕ ಹೀಗಾಗಬಹುದು:

ಮಲಿಕ್-ಎ-ಮೈದಾನ್ ತೋಪು
ತೋಪಿನ ಬಾಯಿ ನೋಡಿ. ಸಿಂಹ ಬಾಯಿ ತೆರೆದಿದೆ. ಅದರ ಹಲ್ಲಿಗೆ ಆನೆಯೊಂದು ಸಿಕ್ಕಿದೆ.
ಇದನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಕಂಚಿನಿಂದ ಎರಕ ಹೊಯ್ದರು. ತೂಕ ಸುಮಾರು 55 ಟನ್. ಅಂದರೆ ಹತ್ತಕ್ಕೂ ಹೆಚ್ಚು ಆನೆಗಳ ತೂಕ.
ಆದಿಲ್‌ಶಾಹಿ ದೊರೆಗಳ ಕಾಲದಲ್ಲಿ ಇದು ಇಲ್ಲಿಗೆ ಬಂತು. 1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದು, ಆ ಗೆಲುವನ್ನು ಇದರ ಮೇಲೆ ಕೆತ್ತಿಸಿದ.

ಹೆಸರು ಬಿಟ್ಟರೆ ಸುಮಾರು ನಲವತ್ತು ಪದ. ಮೊದಲ ಸಾಲನ್ನಷ್ಟೇ ಓದಿ ಹೋಗುವ ಮಗುವಿಗೂ ನೋಡಲು ಒಂದು ಸಂಗತಿ ಸಿಕ್ಕಿತು. ಪೂರ್ತಿ ಓದುವವರಿಗೆ ಕಾಲ, ಊರು, ದೊರೆ ಎಲ್ಲವೂ ಸಿಕ್ಕಿತು. ಓದುವ ಶಕ್ತಿ ಬೇರೆ ಬೇರೆ ಇರುವವರಿಗೆ ಬೇರೆ ಬೇರೆ ಫಲಕ ಬೇಕಿಲ್ಲ. ಎಲ್ಲಿ ನಿಲ್ಲಿಸಿದರೂ ಅಷ್ಟರಮಟ್ಟಿಗೆ ಅರ್ಥ ಆಗುವಂತೆ ಸಾಲುಗಳ ಕ್ರಮ ಇದ್ದರೆ ಸಾಕು. ಎರಕ ಹೊಯ್ದವನ ಹೆಸರು ಬಿಟ್ಟಿದ್ದು ನನಗೂ ಬೇಸರವೇ. ಆದರೆ ಆ ಹೆಸರು ತೋಪಿನ ಮೇಲೇ ಬರೆದಿದೆ. ಆ ಬರಹದ ಹತ್ತಿರ ಒಂದು ಸಣ್ಣ ಚೀಟಿಯಂಥ ಫಲಕ ಇಟ್ಟು ಅಲ್ಲಿ ಹೇಳುವುದೇ ಚೆಂದ.

ಇಂಗ್ಲಿಷ್ ಪಠ್ಯಕ್ಕೆ ಕನ್ನಡವನ್ನು ಸಾಲಿಗೆ ಸಾಲು ಇಳಿಸಬೇಡಿ. ಅದೇ ಸಂಗತಿಗಳ ಹಾಳೆಯಿಂದ ಹೊಸದಾಗಿ ಬರೆಯಿರಿ. ಕ್ರಮ ಒಂದೇ ಇರಲಿ: ಮೊದಲು ಸಿಂಹದ ಬಾಯಿ, ಆಮೇಲೆ ಎರಕ, ಕೊನೆಗೆ ಔರಂಗಜೇಬ. ಆದರೆ ನಮಗೆ ಹೇಳಬೇಕಿಲ್ಲದ್ದನ್ನು ಅಲ್ಲಿ ಹೇಳಬೇಕಾಗುತ್ತದೆ. ಆದಿಲ್‌ಶಾಹಿಗಳು ಈ ಊರಿನಿಂದ ಆಳಿದ ಸುಲ್ತಾನರು, ಅಹ್ಮದ್‌ನಗರ ಅಂದರೆ ಮಹಾರಾಷ್ಟ್ರದ ಈಗಿನ ಅಹಿಲ್ಯಾನಗರ, ಔರಂಗಜೇಬ ಮೊಘಲ್ ಬಾದಶಹ ಅಂತ ಎರಡೆರಡು ಪದ ಸೇರಿಸಬೇಕು. ಊರಿನ ಹೆಸರು 2014ರಲ್ಲಿ ಬಿಜಾಪುರದಿಂದ ವಿಜಯಪುರ ಆಯಿತು. ಪ್ರವಾಸಿಗರ ಹಳೆಯ ಕೈಪಿಡಿಗಳಲ್ಲಿ ಇರುವುದು ಬಿಜಾಪುರವೇ. ಹಾಗಾಗಿ ಇಂಗ್ಲಿಷಿನಲ್ಲಿ ಒಂದು ಸಲ ಎರಡೂ ಹೆಸರು ಕೊಡಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಪದಗಳ ಎಣಿಕೆ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಅದಕ್ಕೆ ಗಾಬರಿಯಾಗಿ ಕನ್ನಡವನ್ನು ಉದ್ದ ಮಾಡಬೇಡಿ. ಹೆಸರುಗಳ ಕಾಗುಣಿತವನ್ನು ಒಂದೇ ಹಾಳೆಯಲ್ಲಿ ಗೊತ್ತುಮಾಡಿಟ್ಟುಕೊಳ್ಳಿ. ರಸ್ತೆಯ ಬಾಣದ ಫಲಕದಲ್ಲಿ ಗೋಳಗುಮ್ಮಟ, ಗೇಟಿನ ಹತ್ತಿರ ಗೋಲ್ ಗುಂಬಜ್ ಅಂತಿದ್ದರೆ ಹೊಸಬರು ಎರಡು ಬೇರೆ ಜಾಗ ಅಂದುಕೊಳ್ಳುತ್ತಾರೆ.

ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ. ಇಲ್ಲಿ ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಪಾಯಿಂಟ್ ಕೊಟ್ಟರೂ, ಎಷ್ಟೋ ಫಾಂಟ್‌ಗಳಲ್ಲಿ ಕನ್ನಡ ಸಣ್ಣದಾಗಿ ಬೀಳುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಹಿಡಿಸಬೇಕಲ್ಲ, ಅದಕ್ಕೆ. ಪಾಯಿಂಟ್ ನಂಬದೆ ‘ಅ’ ಅಕ್ಷರವನ್ನೇ ಸ್ಕೇಲ್ ಇಟ್ಟು ಅಳೆಯಿರಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಅತಿ ಹೆಚ್ಚು ಕೆಡುವುದು ಪ್ರಿಂಟಿಂಗ್ ಅಂಗಡಿಯಲ್ಲಿ. ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಜಾಗ ತಪ್ಪುತ್ತವೆ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಹಾಕದಿದ್ದರೆ ‘ಮುಹಮ್ಮದ್’ನ ಒತ್ತು ಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಡಿಸೈನ್ ಮಾಡುವವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಸ್ಕ್ರೀನ್ ಮೇಲೆ ನೋಡಿ ಒಪ್ಪಬೇಡಿ. ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ನಿಮ್ಮ ಮೂಲ ಹಾಳೆಯ ಪಕ್ಕ ಇಟ್ಟು, ಅಕ್ಷರಕ್ಕೆ ಅಕ್ಷರ ಹೋಲಿಸಿ.

ಆ ಕಾಗದವನ್ನೇ ರಟ್ಟಿಗೆ ಅಂಟಿಸಿ, ಒಪ್ಪಿಗೆ ಪಡೆದು, ಫಲಕ ಬರುವ ಜಾಗದಲ್ಲಿ ಹಿಡಿದು ನೋಡಿ. ಐದನೇ ಕ್ಲಾಸಿನ ಮಗು, ಕಡಿಮೆ ಓದಿದ ಹಿರಿಯರು, ಊರಿಗೆ ಹೊಸಬರು, ಹೀಗೆ ಐದಾರು ಮಂದಿಗೆ ಗಟ್ಟಿಯಾಗಿ ಓದಲು ಹೇಳಿ. ಎಲ್ಲಿ ತಡವರಿಸಿದರೋ ಆ ಪದ ಬದಲಿಸಿ. ಓದಿದ ಮೇಲೆ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ‘ಆನೆ ಎಲ್ಲಿದೆ ತೋರಿಸಿ’ ಅನ್ನಿ. ಕೈ ನೇರವಾಗಿ ತೋಪಿನ ಬಾಯಿಯ ಕಡೆ ಹೋದರೆ ಫಲಕ ಕೆಲಸ ಮಾಡಿತು. ಈ ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಲ್ಲೇ ಮಾಡಿ. ಹೊಳೆಯುವ ಸ್ಟೀಲ್ ಮೇಲಿನ ಅಕ್ಷರ ಬೆಳಗ್ಗೆ ಚೆನ್ನಾಗಿ ಕಂಡು, ಹನ್ನೆರಡಕ್ಕೆ ಕಣ್ಣು ಕುಕ್ಕುತ್ತದೆ. ಹೊಳಪಿಲ್ಲದ ತಿಳಿ ಬಣ್ಣದ ಮೇಲೆ ಕಡು ಬಣ್ಣದ ಅಕ್ಷರ ವಾಸಿ.

ಫಲಕ ನಿಂತ ಮೇಲೆ ಸಂಗತಿಗಳ ಹಾಳೆ, ಹೆಸರುಗಳ ಕಾಗುಣಿತ, ಯೂನಿಕೋಡ್ ಪಠ್ಯ ಮೂರನ್ನೂ ಕಚೇರಿಯ ಫೈಲಿನಲ್ಲಿ ಇಡಿ. ಬಣ್ಣ ಮಾಸಿದಾಗ ಮತ್ತೆ ಬರೆಸುವವರು ಹಳೇ ಫಲಕದ ಫೋಟೊ ನೋಡಿ ಟೈಪ್ ಮಾಡುತ್ತಾರೆ. 1549 ಹೋಗಿ 1546 ಆಗುವುದು ಆಗಲೇ.